ಶೇ 15 ಬೆಳವಣಿಗೆ ಎಲ್ಲಿಂದ ಬಂತು? ಬಟ್ಟೆ ಅಂಗಡಿಯ ವಾರ್ಷಿಕ ಮಾರಾಟ ವರದಿಯಲ್ಲಿ ದೋಷ ಹುಡುಕುವ ಬಗೆ

ವರದಿ ಒಂದೇ ಪುಟದ್ದು. 2023-24ರ ಮಾರಾಟ 92 ಲಕ್ಷ, 2024-25ರದ್ದು 1 ಕೋಟಿ 5 ಲಕ್ಷ 80 ಸಾವಿರ. ಕೆಳಗೆ ದಪ್ಪಕ್ಷರದಲ್ಲಿ "ಬೆಳವಣಿಗೆ ಶೇ 15". ದಾವಣಗೆರೆಯ ಒಂದು ಸೀರೆ ಮತ್ತು ರೆಡಿಮೇಡ್ ಅಂಗಡಿ. ಮಾಲೀಕರು ಈ ಹಾಳೆ ಹಿಡಿದು ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್, ಅಂದರೆ ಓಡಿ ಸಾಲದ ಮಿತಿ ಜಾಸ್ತಿ ಮಾಡಿಸಲು ಹೊರಟಿದ್ದರು. ಹೋಗುವ ಮೊದಲು ಒಮ್ಮೆ ನೋಡಿಕೊಡಿ ಅಂತ ನನ್ನ ಹತ್ತಿರ ಬಂದರು.

"ವ್ಯಾಪಾರ ಏರಿದೆ ಅಂತ ಹಾಳೆ ಹೇಳುತ್ತೆ ಸರ್. ಆದರೆ ರ್‍ಯಾಕ್ ತುಂಬಾ ಮಾಲು ಹಾಗೇ ಕೂತಿದೆ. ಗಲ್ಲಾದಲ್ಲಿ ದುಡ್ಡು ಕಾಣ್ತಿಲ್ಲ" ಅಂದರು.

ರೋಗದ ಲಕ್ಷಣ ಇದೇ. ಮಾರಾಟ ಏರಿದೆ ಅನ್ನುವ ವರದಿ ಒಂದು ಕಡೆ, ಖಾಲಿಯಾಗದ ಮಾಲು ಇನ್ನೊಂದು ಕಡೆ. ಸಣ್ಣ ಅಂಗಡಿಗಳ ಲೆಕ್ಕ ನೋಡುವ ಕೆಲಸದಲ್ಲಿ ಇದನ್ನು ನಾನು ಪದೇ ಪದೇ ಕಂಡಿದ್ದೇನೆ. ಹೆಚ್ಚಿನ ಸಲ ಯಾರೂ ಸುಳ್ಳು ಬರೆದಿರುವುದಿಲ್ಲ. ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟ ರೀತಿಯೇ ತಪ್ಪಾಗಿರುತ್ತದೆ. ಈ ಅಂಗಡಿಯ ವರದಿಯನ್ನು ಬಿಚ್ಚಿ ನೋಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಾಲೀಕರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಅಂಕಿಗಳನ್ನು ಸ್ವಲ್ಪ ಬದಲಿಸಿ ದುಂಡಗೆ ಮಾಡಿದ್ದೇನೆ. ದಿನಾಂಕಗಳು ಮಾತ್ರ ಇದ್ದದ್ದು ಇದ್ದಹಾಗೆ ಇವೆ.

## ಮೊದಲು: ಎರಡೂ ಅಂಕಿ ಒಂದೇ ಜಾತಿಯವಾ?

ಹಬ್ಬ, ಹವಾಮಾನ ಅಂತ ಕಾರಣ ಹುಡುಕುವ ಮೊದಲು ಈ ಪ್ರಶ್ನೆ ಕೇಳಬೇಕು. ಒಂದು ವರ್ಷದ ಮಾರಾಟದಲ್ಲಿ ಜಿಎಸ್‌ಟಿ ಸೇರಿದೆ, ಇನ್ನೊಂದರಲ್ಲಿ ಇಲ್ಲ ಅಂದರೆ ಮುಂದಿನ ಲೆಕ್ಕವೆಲ್ಲ ದಂಡ.

ಪರೀಕ್ಷೆ ಸುಲಭ. ಪ್ರತಿ ತಿಂಗಳು ಸಲ್ಲಿಸಿದ ಜಿಎಸ್‌ಟಿ ವಿವರಪಟ್ಟಿ, ಅಂದರೆ ಜಿಎಸ್‌ಟಿಆರ್-3ಬಿ ತೆಗೆಯಿರಿ. ಅದರ 3.1(a) ಸಾಲಿನಲ್ಲಿ ತೆರಿಗೆ ಬಿಟ್ಟ ಮಾರಾಟ ಮೌಲ್ಯ ಇರುತ್ತದೆ. ಅದನ್ನು ವರದಿಯ ಅದೇ ತಿಂಗಳಿನ ಅಂಕಿಯ ಪಕ್ಕ ಬರೆಯಿರಿ. ಎಲ್ಲ ತಿಂಗಳೂ ಹತ್ತಿರ ಹತ್ತಿರ ಇದ್ದರೆ ಸರಿ. ಒಂದು ತಿಂಗಳಿಂದ ಆಚೆಗೆ ಎಲ್ಲವೂ ಒಂದೇ ಸಮ ಶೇ 5–6 ಹೆಚ್ಚು ತೋರಿಸಿದರೆ, ಆ ತಿಂಗಳು ಏನೋ ಬದಲಾಗಿದೆ ಅಂತ ಅರ್ಥ.

ಇಲ್ಲಿ 2025ರ ಜನವರಿಯಿಂದ ಹಾಗೇ ಆಗಿತ್ತು. ಆ ತಿಂಗಳು ಬಿಲ್ಲಿಂಗ್ ತಂತ್ರಾಂಶ ಬದಲಾಗಿತ್ತು. ಹಳೆಯದು ವರದಿಗೆ ತೆರಿಗೆ ಬಿಟ್ಟ ಮೊತ್ತ ಕೊಡುತ್ತಿತ್ತು, ಹೊಸದು ಬಿಲ್ಲಿನ ಪೂರ್ತಿ ಮೊತ್ತ ಕೊಡುತ್ತಿತ್ತು. ಮೂರು ತಿಂಗಳಲ್ಲಿ ಮಾರಾಟ ಅಂತ ತೋರಿಸಿದ್ದರಲ್ಲಿ 1.6 ಲಕ್ಷ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ.

ಜೊತೆಗೆ ಇನ್ನೊಂದು ಸಣ್ಣ ಸೋರಿಕೆ ಇತ್ತು. ಗಿರಾಕಿ ಸೀರೆ ವಾಪಸ್ ಕೊಟ್ಟು ಬೇರೆ ತಗೊಂಡರೆ ಹಳೆ ತಂತ್ರಾಂಶ ವ್ಯತ್ಯಾಸವನ್ನು ಮಾತ್ರ ಬರೆಯುತ್ತಿತ್ತು. ಹೊಸದು ಎರಡನೇ ಸೀರೆಗೆ ಪೂರ್ತಿ ಹೊಸ ಬಿಲ್ ಮಾಡಿ, ವಾಪಸ್ ಬಂದದ್ದನ್ನು ಬೇರೆ ಪುಟದಲ್ಲಿ ಇಡುತ್ತಿತ್ತು. ಆ ಪುಟವನ್ನು ವರದಿ ಮಾಡಿದವರು ತೆರೆದೇ ಇರಲಿಲ್ಲ. ಅದು 70 ಸಾವಿರ. ಎರಡನ್ನೂ ಕಳೆದರೆ 2024-25ರ ನಿಜವಾದ ಮಾರಾಟ 103.5 ಲಕ್ಷ. ಶೇ 15 ಇದ್ದದ್ದು ಇಲ್ಲಿಗೇ ಶೇ 12.5 ಆಯಿತು.

2025-26ರ ವರದಿ ನೋಡುವವರು ಈ ಹೆಜ್ಜೆಯಲ್ಲಿ ಇನ್ನೂ ಎಚ್ಚರ ಇಟ್ಟುಕೊಳ್ಳಿ. ಹೊಲಿದ ಬಟ್ಟೆಗೆ 1,000 ರೂಪಾಯಿವರೆಗೆ ಶೇ 5, ಮೇಲ್ಪಟ್ಟರೆ ಶೇ 12 ಇದ್ದದ್ದು, 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೆ ಶೇ 5, ಮೇಲ್ಪಟ್ಟರೆ ಶೇ 18 ಆಗಿದೆ. ತೆರಿಗೆ ಸೇರಿಸಿ ಹೋಲಿಸಿದರೆ ಒಂದು ಕೌಂಟರ್ ಬಿದ್ದಂತೆ, ಇನ್ನೊಂದು ಏರಿದಂತೆ ಕಾಣುತ್ತದೆ. ಮಾರಿದ ಪೀಸು ಅಷ್ಟೇ ಇದ್ದರೂ.

## ತಿಂಗಳ ಹೋಲಿಕೆ ಯಾಕೆ ಮೋಸ ಮಾಡುತ್ತದೆ

ಮುಂದಿನ ಹೆಜ್ಜೆ ತಿಂಗಳುವಾರು ನೋಡುವುದು. ಆದರೆ ಹೋದ ಅಕ್ಟೋಬರ್‌ಗೆ ಈ ಅಕ್ಟೋಬರ್ ಅಂತ ನೇರವಾಗಿ ಹೋಲಿಸಿದರೆ ತಲೆ ಕೆಡುತ್ತದೆ. ಈ ಅಂಗಡಿಯಲ್ಲಿ ಅಕ್ಟೋಬರ್ 9 ಲಕ್ಷದಿಂದ 13.8ಕ್ಕೆ ಜಿಗಿದಿತ್ತು. ನವೆಂಬರ್ 13.2ರಿಂದ 9ಕ್ಕೆ ಬಿದ್ದಿತ್ತು. ಮಾಲೀಕರ ಮಗ ಇದಕ್ಕೆ ದೊಡ್ಡ ವಿವರಣೆಯನ್ನೇ ಬರೆದಿದ್ದ. ಅಕ್ಟೋಬರ್‌ನಲ್ಲಿ ಮೊಬೈಲ್‌ನಲ್ಲಿ ಹಾಕಿದ ಜಾಹೀರಾತು ಕೆಲಸ ಮಾಡಿತು, ನವೆಂಬರ್‌ನಲ್ಲಿ ನಿಲ್ಲಿಸಿದ್ದಕ್ಕೆ ಬಿತ್ತು ಅಂತ.

ನಾನು ಗಲ್ಲಾದ ಹಿಂದಿನ ಗೋಡೆಯಲ್ಲಿ ನೇತಾಡುತ್ತಿದ್ದ ಕ್ಯಾಲೆಂಡರ್ ಇಳಿಸಿಕೊಂಡೆ. 2023ರಲ್ಲಿ ನರಕ ಚತುರ್ದಶಿ ನವೆಂಬರ್ 12ಕ್ಕೆ. 2024ರಲ್ಲಿ ಅಕ್ಟೋಬರ್ 31ಕ್ಕೆ. ಬಟ್ಟೆ ತೆಗೆಯುವುದು ಹಬ್ಬದ ಹಿಂದಿನ ಹತ್ತು ಹನ್ನೆರಡು ದಿನದಲ್ಲಿ ಅಲ್ವಾ? ಹಾಗಾಗಿ ಒಂದು ವರ್ಷ ದೀಪಾವಳಿ ವ್ಯಾಪಾರ ಹೆಚ್ಚಾಗಿ ನವೆಂಬರ್‌ಗೆ ಬಿತ್ತು, ಇನ್ನೊಂದು ವರ್ಷ ಅಕ್ಟೋಬರ್‌ಗೆ. ಎರಡೂ ತಿಂಗಳು ಕೂಡಿಸಿದರೆ 22.2 ಲಕ್ಷ ಮತ್ತು 22.8 ಲಕ್ಷ. ಜಿಗಿತವೂ ಇಲ್ಲ, ಬೀಳುವುದೂ ಇಲ್ಲ.

ಹಬ್ಬ ಎರಡು ತಿಂಗಳ ನಡುವೆ ಓಡಾಡುವುದಾದರೆ ಆ ತಿಂಗಳುಗಳನ್ನು ಒಂದೇ ಕಟ್ಟು ಮಾಡಿ ನೋಡಬೇಕು. ಹಾಗೆ ಕಟ್ಟಿದ ಮೇಲೆ ವರದಿ ಹೀಗಾಯಿತು (ಲಕ್ಷ ರೂಪಾಯಿಗಳಲ್ಲಿ):

| ಅವಧಿ | 2023-24 | 2024-25 |
|---|---|---|
| ಏಪ್ರಿಲ್ | 6.1 | 11.7 |
| ಮೇ–ಜೂನ್ | 16.4 | 12.7 |
| ಜುಲೈ–ಸೆಪ್ಟೆಂಬರ್ | 17.5 | 19.7 |
| ಅಕ್ಟೋಬರ್–ನವೆಂಬರ್ | 22.2 | 22.8 |
| ಡಿಸೆಂಬರ್–ಫೆಬ್ರುವರಿ | 21.6 | 22.1 |
| ಮಾರ್ಚ್ | 8.2 | 14.5 |
| ಒಟ್ಟು | 92.0 | 103.5 |

ಈ ಪಟ್ಟಿಯನ್ನು ಒಂದು ನಿಮಿಷ ಸುಮ್ನೆ ನೋಡಿ. ವರ್ಷವಿಡೀ ಬೆಳೆದ ಅಂಗಡಿ ಹೀಗೆ ಕಾಣುವುದಿಲ್ಲ. ಏಪ್ರಿಲ್ ಮತ್ತು ಮಾರ್ಚ್, ಅಂದರೆ ಲೆಕ್ಕದ ವರ್ಷದ ಎರಡು ತುದಿಗಳು, ಎರಡರಿಂದಲೇ 11.9 ಲಕ್ಷ ಹೆಚ್ಚಿದೆ. ಒಟ್ಟು ಏರಿಕೆ 11.5 ಲಕ್ಷ. ಅಂದರೆ ಬೆಳವಣಿಗೆ ಪೂರ್ತಿ ತುದಿಗಳಲ್ಲೇ ಇದೆ. ನಡುವಿನ ಹತ್ತು ತಿಂಗಳು ಒಟ್ಟಾರೆ ಸ್ವಲ್ಪ ಇಳಿದಿವೆ.

## ಒಂದು ವರ್ಷದಲ್ಲಿ ಎರಡು ಯುಗಾದಿ

ನಮ್ಮ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು. ಯುಗಾದಿ ಆ ಗಡಿಯ ಆಚೀಚೆ ಓಡಾಡುವ ಹಬ್ಬ. 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30.

ಈಗ ಎಣಿಸಿ. 2023ರ ಏಪ್ರಿಲ್ 1ರಿಂದ 2024ರ ಮಾರ್ಚ್ 31ರ ನಡುವೆ ಒಂದೂ ಯುಗಾದಿ ಇಲ್ಲ. ಮುಂದಿನ ವರ್ಷದೊಳಗೆ ಎರಡು. ಬಟ್ಟೆ ಅಂಗಡಿಗೆ ಯುಗಾದಿ ಅಂದರೆ ದೀಪಾವಳಿಯಷ್ಟೇ ದೊಡ್ಡದು. ಯುಗಾದಿಯೇ ಇಲ್ಲದ ವರ್ಷವನ್ನು ಎರಡು ಯುಗಾದಿ ಇರುವ ವರ್ಷಕ್ಕೆ ಹೋಲಿಸಿ ಬೆಳವಣಿಗೆ ಅಂತ ಬರೆದಿದ್ದಾರೆ. ಮಾಲೀಕರು ಹಬ್ಬದ ತಾರೀಕುಗಳನ್ನು ಬಾಯಿಪಾಠ ಹೇಳಬಲ್ಲವರು. ಆದರೂ ವರದಿ ನೋಡುವಾಗ ಇದು ಹೊಳೆದಿರಲಿಲ್ಲ. ಒಟ್ಟು ಮೊತ್ತ ಒಂದು ಸಾಲಿನಲ್ಲಿ ಬಂದರೆ ಹಬ್ಬ ಅದರೊಳಗೆ ಮುಚ್ಚಿಹೋಗುತ್ತದೆ.

ಹಾಗಂತ ಯುಗಾದಿ ಎಣಿಸಿದರೆ ಸಾಲದು, ಖರೀದಿ ದಿನಗಳನ್ನು ಎಣಿಸಬೇಕು. 2024ರ ಯುಗಾದಿ ಏಪ್ರಿಲ್ 9ಕ್ಕೆ ಇದ್ದರೂ ಜನ ಮಾರ್ಚ್‌ನ ಕೊನೆಯ ನಾಲ್ಕು ದಿನದಲ್ಲೇ ಅಂಗಡಿಗೆ ಬರಲು ಶುರು ಮಾಡಿದ್ದರು. ಆ ನಾಲ್ಕು ದಿನದ ವ್ಯಾಪಾರ ಹಿಂದಿನ ವರ್ಷಕ್ಕೆ ಸೇರುತ್ತದೆ. 2022ರ ಯುಗಾದಿ ಏಪ್ರಿಲ್ 2ಕ್ಕೆ ಇತ್ತು. ಲೆಕ್ಕದ ಪ್ರಕಾರ ಅದು 2022-23ರ ಹಬ್ಬ, ಆದರೆ ವ್ಯಾಪಾರ ಬಹುತೇಕ 2021-22ಕ್ಕೇ ಬಿದ್ದಿದೆ. ಹಬ್ಬದ ತಾರೀಕನ್ನು ಮಾತ್ರ ನೋಡಿದರೆ ಇಲ್ಲಿ ಎಡವುತ್ತೀರಿ.

ಮಾಡಿದ್ದು ಇಷ್ಟು. ಬಿಲ್ಲುಗಳ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಂಡೆ. A ಕಾಲಂನಲ್ಲಿ ತಾರೀಕು, B ಕಾಲಂನಲ್ಲಿ ತೆರಿಗೆ ಬಿಟ್ಟ ಮೊತ್ತ. ಹಬ್ಬದ ಹಿಂದಿನ 12 ದಿನದ ಮಾರಾಟವನ್ನು ಹೀಗೆ ತೆಗೆದೆ:

```
=SUMIFS(B:B,A:A,">="&DATE(2024,3,28),A:A,"<="&DATE(2024,4,8))
```

2024ರ ಆ 12 ದಿನಕ್ಕೆ 8.8 ಲಕ್ಷ ಬಂತು. ಇದೆಲ್ಲ ಯುಗಾದಿಯದ್ದಲ್ಲ. ಹಬ್ಬ ಇಲ್ಲದಿದ್ದರೂ ಆ ದಿನಗಳಲ್ಲಿ ಅಂಗಡಿ ತೆರೆದಿರುತ್ತಿತ್ತು. ಮಾರ್ಚ್‌ನ ಉಳಿದ ದಿನಗಳಲ್ಲಿ ದಿನಕ್ಕೆ ಸುಮಾರು 22–23 ಸಾವಿರ ವ್ಯಾಪಾರ ಇತ್ತು. 12 ದಿನಕ್ಕೆ 2.7 ಲಕ್ಷ. ಅದನ್ನು ಕಳೆದರೆ ಯುಗಾದಿಯಿಂದ ಬಂದ ಹೆಚ್ಚುವರಿ 6.1 ಲಕ್ಷ. ಅದರಲ್ಲಿ 1.1 ಲಕ್ಷ ಮಾರ್ಚ್‌ನ ನಾಲ್ಕು ದಿನದ್ದು, 5 ಲಕ್ಷ ಏಪ್ರಿಲ್‌ದು. 2025ರ ಯುಗಾದಿಗೂ ಹೀಗೇ ಮಾಡಿದೆ. ಮಾರ್ಚ್ 18ರಿಂದ 29ರವರೆಗೆ. ಹೆಚ್ಚುವರಿ 6.7 ಲಕ್ಷ, ಪೂರ್ತಿ 2024-25ಕ್ಕೇ ಸೇರಿದ್ದು.

ಸಾಮಾನ್ಯ ದಿನದ ಸರಾಸರಿಯನ್ನು ಹಬ್ಬದ ಖರೀದಿ ಶುರುವಾಗುವ ಮೊದಲಿನ ವಾರಗಳಿಂದ ತೆಗೆಯುವುದು ಒಳ್ಳೆಯದು. ಹಬ್ಬ ಮುಗಿದ ಮೇಲಿನ ವಾರ ಅಂಗಡಿ ಬಿಕೋ ಅನ್ನುತ್ತದೆ, ಅದನ್ನು ಅಳತೆಗೋಲು ಮಾಡಿಕೊಂಡರೆ ಹಬ್ಬದ ಪಾಲು ದೊಡ್ಡದಾಗಿ ಕಾಣುತ್ತದೆ.

ಈಗ ಎರಡೂ ವರ್ಷದಿಂದ ಯುಗಾದಿಯ ಹೆಚ್ಚುವರಿ ತೆಗೆಯಿರಿ. 2023-24ಕ್ಕೆ 92ರಲ್ಲಿ 1.1 ಹೋಗಿ 90.9. 2024-25ಕ್ಕೆ 103.5ರಲ್ಲಿ 11.7 ಹೋಗಿ 91.8. ಉಳಿದ ಬೆಳವಣಿಗೆ ಶೇ 1.

12 ದಿನ ಅನ್ನುವುದು ನನ್ನ ಊಹೆ ಅಲ್ವಾ ಅಂತ ಮಾಲೀಕರು ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕೇ 10 ದಿನ ಇಟ್ಟು ಒಮ್ಮೆ, 15 ದಿನ ಇಟ್ಟು ಒಮ್ಮೆ ಮತ್ತೆ ಲೆಕ್ಕ ಹಾಕಿದೆ. ಉತ್ತರ ಶೇ 1ರ ಆಸುಪಾಸಿನಲ್ಲೇ ನಿಂತಿತು. ನೀವು ಆರಿಸಿದ ದಿನಗಳ ಮೇಲೆ ಉತ್ತರ ತಲೆಕೆಳಗಾಗುತ್ತಿದ್ದರೆ ಆ ಉತ್ತರವನ್ನು ಯಾರಿಗೂ ತೋರಿಸಬೇಡಿ.

ಯುಗಾದಿಯಿಂದ ಯುಗಾದಿಗೆ ಹೋಲಿಸಿದರೆ ಆಗದೇ ಅಂತ ಕೆಲವರು ಕೇಳುತ್ತಾರೆ. ಕೆಲವು ಹಳೆ ವರ್ತಕರ ಲೆಕ್ಕ ಹಾಗೇ ಇರುತ್ತಿತ್ತು. ಆದರೆ 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಹಾಗಾಗಿ ಶೋಭಕೃತ್ ಸಂವತ್ಸರಕ್ಕೆ 384 ದಿನ, ಮುಂದಿನ ಕ್ರೋಧಿಗೆ 355 ದಿನ. ಒಂದು ತಿಂಗಳ ವ್ಯಾಪಾರವೇ ವ್ಯತ್ಯಾಸ. ಹಾಗೆ ಹೋಲಿಸುವುದಾದರೆ ದಿನದ ಸರಾಸರಿಗೆ ಇಳಿಸಿಕೊಳ್ಳಲೇಬೇಕು.

## ಕಾರಣ ಹೇಳಿದ ಮೇಲೆ ಅದನ್ನು ಪರೀಕ್ಷಿಸಿ

ಮೇ–ಜೂನ್ 16.4ರಿಂದ 12.7ಕ್ಕೆ ಬಿದ್ದಿದೆ. ಯಾಕೆ ಅಂತ ಕೇಳಿದರೆ ಮಾಲೀಕರು ತಕ್ಷಣ "ಎಲೆಕ್ಷನ್" ಅಂದರು. ಕೈಯಲ್ಲಿ ದುಡ್ಡು ಹಿಡಿದು ಓಡಾಡಲು ಜನ ಹೆದರಿದರು ಅಂತ. 2024ರ ಮೇ 7ಕ್ಕೆ ದಾವಣಗೆರೆಯಲ್ಲಿ ಲೋಕಸಭೆಗೆ ಮತದಾನ ಇದ್ದದ್ದು ನಿಜ. ಆದರೆ 2023ರ ಮೇ 10ಕ್ಕೆ ವಿಧಾನಸಭೆಗೂ ಮತದಾನ ಇತ್ತು. ಎರಡೂ ವರ್ಷದ ಮೇ ತಿಂಗಳಲ್ಲಿ ಇದ್ದ ಸಂಗತಿ ಎರಡರ ನಡುವಿನ ವ್ಯತ್ಯಾಸಕ್ಕೆ ಕಾರಣ ಆಗಲಾರದು. ಈ ಒಂದು ಜರಡಿ ಹಿಡಿದರೆ ಬೇಕಾದಷ್ಟು ಸುಲಭದ ಕಾರಣಗಳು ಬಿದ್ದುಹೋಗುತ್ತವೆ.

ಆಮೇಲೆ ಮನೆಯವರು ಒಳಗಿಂದ ಬಂದರು. ಸೀರೆ ಕೌಂಟರ್ ನೋಡಿಕೊಳ್ಳುವವರು ಅವರೇ. "ಆ ವರ್ಷ ಮುಹೂರ್ತವೇ ಇರಲಿಲ್ಲ ಕಣ್ರೀ, ಮೌಢ್ಯ ಇತ್ತಲ್ಲ" ಅಂದರು. ಅದು ಸರಿ. ಮೌಢ್ಯ ಅಂದರೆ ಗ್ರಹ ಸೂರ್ಯನ ಹತ್ತಿರ ಹೋಗಿ ಮರೆಯಾಗುವ ಕಾಲ, ಆಗ ಮದುವೆ ಇಡುವುದಿಲ್ಲ. 2024ರ ಏಪ್ರಿಲ್ ಕೊನೆಯಿಂದ ಜೂನ್ ಕೊನೆಯವರೆಗೆ ಶುಕ್ರ ಮೌಢ್ಯ, ಅದರ ನಡುವೆ ಮೇ ತಿಂಗಳಲ್ಲಿ ಗುರು ಮೌಢ್ಯವೂ ಸೇರಿತ್ತು. ಬೇಸಿಗೆ ಮದುವೆಗಳೇ ನಿಂತುಹೋದವು. ಮದುವೆ ಇಲ್ಲದಿದ್ದರೆ ಮದುವೆ ಜವಳಿ ತೆಗೆಯುವವರು ಎಲ್ಲಿಂದ ಬರಬೇಕು?

ಒಳ್ಳೆಯ ಕಾರಣ. ಆದರೂ ಪರೀಕ್ಷೆ ಬೇಕು. ಮುಹೂರ್ತವೇ ಕಾರಣವಾದರೆ ದೊಡ್ಡ ಬಿಲ್ಲುಗಳು ಬಿದ್ದಿರಬೇಕು, ಸಣ್ಣವು ಹಾಗೇ ಇರಬೇಕು. ಈ ಅಂಗಡಿಯಲ್ಲಿ ಒಂದೇ ಬಿಲ್ 8,000 ದಾಟಿದರೆ ಅದು ಸಾಮಾನ್ಯವಾಗಿ ಮದುವೆ ಜವಳಿ. ಹಬ್ಬಕ್ಕೆ ಯಾರೂ ಒಂದೇ ಸಲ ಅಷ್ಟು ತೆಗೆಯುವುದಿಲ್ಲ. 2023ರ ಮೇನಲ್ಲಿ ಅಂಥ ಬಿಲ್ಲು 41, 2024ರ ಮೇನಲ್ಲಿ 18. ಸಣ್ಣ ಬಿಲ್ಲುಗಳು ಹೆಚ್ಚೂಕಮ್ಮಿ ಅಷ್ಟೇ. ಮೇ ತಿಂಗಳ ಮಟ್ಟಿಗೆ ಆಕೆ ಹೇಳಿದ್ದು ನಿಂತಿತು.

ಜೂನ್‌ಗೆ ಅದು ನಿಲ್ಲಲಿಲ್ಲ. ಜೂನ್‌ನಲ್ಲಿ ದೊಡ್ಡ ಬಿಲ್ಲುಗಳು ಎರಡೂ ವರ್ಷ ಕಡಿಮೆಯೇ. ಆದರೂ ಮಾರಾಟ 6.6ರಿಂದ 5.8ಕ್ಕೆ ಇಳಿದಿತ್ತು. 2023ರ ಜೂನ್ ಬಿಲ್ಲುಗಳನ್ನು ಮೊತ್ತದ ಪ್ರಕಾರ ಜೋಡಿಸಿ ಮೇಲಿನಿಂದ ಓದಿದೆ. ಮೊದಲ ಸಾಲಿನಲ್ಲೇ ಸಿಕ್ಕಿತು. ಒಂದು ಶಾಲೆಯ ಯೂನಿಫಾರ್ಮ್, 1.4 ಲಕ್ಷ, ಒಂದೇ ಬಿಲ್. 2024ರಲ್ಲಿ ಆ ಹೆಸರೇ ಇಲ್ಲ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳೇದು ಒಂದಿಷ್ಟು ಉದ್ರಿ ಉಳಿದಿತ್ತು, ಕೇಳಿದ್ದಕ್ಕೆ ಬೇಜಾರು ಮಾಡ್ಕೊಂಡರು" ಅಂದರು. ಮೌಢ್ಯದ ನೆರಳಿನಲ್ಲಿ ಒಂದು ದೊಡ್ಡ ಗಿರಾಕಿ ಕೈತಪ್ಪಿದ್ದು ಮುಚ್ಚಿಹೋಗಿತ್ತು. ಮೌಢ್ಯ ತಾನೇ ಮುಗಿಯುತ್ತದೆ. ಶಾಲೆ ತಾನಾಗಿ ವಾಪಸ್ ಬರುವುದಿಲ್ಲ, ಹೋಗಿ ಮಾತಾಡಬೇಕು. ಎರಡನ್ನೂ ಬೇರೆ ಮಾಡಿ ನೋಡಲೇಬೇಕು ಅನ್ನುವುದು ಇದಕ್ಕೇ.

## ಹೋದ ವರ್ಷವೇ ಬಡವಾಗಿದ್ದರೆ

ಜುಲೈ–ಸೆಪ್ಟೆಂಬರ್ 17.5ರಿಂದ 19.7ಕ್ಕೆ ಏರಿದೆ, ಶೇ 12ಕ್ಕೂ ಜಾಸ್ತಿ. ಇದು ನಿಜವಾದ ಏರಿಕೆಯಾ? ಹೋಲಿಸಿದ ವರ್ಷ ಹೇಗಿತ್ತು ಅಂತ ಮೊದಲು ನೋಡಿ. 2023ರಲ್ಲಿ ಆಷಾಢ ಮುಗಿಯಿತು ಅನ್ನುವಷ್ಟರಲ್ಲಿ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ಎರಡು ತಿಂಗಳು ಶುಭಕಾರ್ಯವೇ ಇಲ್ಲ. ಮೇಲಿಂದ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿದ ವರ್ಷ ಅದು. ಸುತ್ತಲಿನ ಹಳ್ಳಿಯವರೇ ಈ ಅಂಗಡಿಯ ಗಿರಾಕಿಗಳು.

ಹೀಗಿರುವಾಗ ಇನ್ನೂ ಒಂದು ವರ್ಷ ಹಿಂದಕ್ಕೆ ಹೋಗಬೇಕು. 2022ರ ಅದೇ ಮೂರು ತಿಂಗಳಲ್ಲಿ 19.9 ಲಕ್ಷ ಇತ್ತು. ಅಂದರೆ 2024ರದ್ದು ಬೆಳೆದದ್ದಲ್ಲ, ಬಿದ್ದದ್ದು ಎದ್ದು ನಿಂತದ್ದು. ಅದೂ ಪೂರ್ತಿ ಅಲ್ಲ, ಯಾಕೆಂದರೆ 2024ರ ಅಂಕಿಯಲ್ಲಿ ಹೊಸ ಕೌಂಟರ್‌ನ ಸುಮಾರು 1 ಲಕ್ಷ ಸೇರಿದೆ.

ಆ ಹೊಸ ಕೌಂಟರ್ ಬಗ್ಗೆಯೂ ಹೇಳಬೇಕು. ನೈಟಿ, ಲೆಗಿಂಗ್ಸ್‌ಗೆ ಅಂತ 2023ರ ನವೆಂಬರ್‌ನಲ್ಲಿ ಶುರು ಮಾಡಿದ್ದು. ವರದಿಯಲ್ಲಿ ಅದರ ಮುಂದೆ "ಶೇ 150 ಏರಿಕೆ" ಅಂತ ಹಸಿರು ಬಣ್ಣದಲ್ಲಿ ಇತ್ತು. ಐದು ತಿಂಗಳ 1.6 ಲಕ್ಷವನ್ನು ಹನ್ನೆರಡು ತಿಂಗಳ 4 ಲಕ್ಷಕ್ಕೆ ಹೋಲಿಸಿದ್ದಾರೆ. (ಯುಗಾದಿಯ ಹೆಚ್ಚುವರಿ ಬಿಟ್ಟ ಅಂಕಿಗಳು ಇವು.) ಎರಡೂ ವರ್ಷ ಇದ್ದ ತಿಂಗಳುಗಳನ್ನು ಮಾತ್ರ, ಅಂದರೆ ನವೆಂಬರ್‌ನಿಂದ ಮಾರ್ಚ್, ಹೋಲಿಸಿದರೆ 1.6 ಮತ್ತು 1.7.

ಅಂಗಡಿಗೆ ಹೊಸದಾಗಿ ಸೇರಿದ್ದನ್ನು ತೆಗೆದು ಹಳೆ ಅಂಗಡಿ ಏನಾಯಿತು ಅಂತ ನೋಡುವುದು ಈ ಕೆಲಸದ ಕಠಿಣ ಭಾಗ, ಯಾಕೆಂದರೆ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ. ಯುಗಾದಿ ತೆಗೆದ ಮೇಲೆ ಉಳಿದ 90.9ರಲ್ಲಿ 1.6 ಕಳೆದರೆ 89.3. 91.8ರಲ್ಲಿ 4 ಕಳೆದರೆ 87.8. ಹಳೆ ಅಂಗಡಿ ಶೇ 1.7 ಕುಗ್ಗಿದೆ. ಈ ನಡುವೆ ಸೀರೆಯ ಬೆಲೆಯೂ ಏರಿದೆ. ಹಾಗಾಗಿ ಹೊರಗೆ ಹೋದ ಪೀಸುಗಳು ಇನ್ನೂ ಕಡಿಮೆ. ರ್‍ಯಾಕ್ ಯಾಕೆ ತುಂಬಿದೆ ಅನ್ನುವುದಕ್ಕೆ ಉತ್ತರ ಸಿಕ್ಕಿತು. ಶೇ 15 ಏರುತ್ತದೆ ಅಂತ ನಂಬಿ ಮಾಲು ತರಿಸಿದ್ದರು.

## ವಿವರಣೆ ಸಿಗದೆ ಉಳಿದದ್ದು

ಡಿಸೆಂಬರ್–ಫೆಬ್ರುವರಿಯಲ್ಲಿ 21.6ರಿಂದ 22.1. ನೋಡಲು ಏನೂ ತಪ್ಪಿಲ್ಲ. ಆದರೆ ಬೇಸಿಗೆಯಲ್ಲಿ ತಪ್ಪಿದ ಮದುವೆಗಳು ಚಳಿಗಾಲಕ್ಕೆ ಬಂದಿರಬೇಕಲ್ಲ? ಬಂದಿದ್ದವು. 8,000 ದಾಟಿದ ಬಿಲ್ಲುಗಳು 58ರಿಂದ 69 ಆಗಿದ್ದವು. ಅದರಿಂದಲೇ 1.3 ಲಕ್ಷ ಹೆಚ್ಚಿದೆ. ಒಟ್ಟು ಹೆಚ್ಚಿದ್ದು 50 ಸಾವಿರ ಮಾತ್ರ. ಹಾಗಾದರೆ ಸಣ್ಣ ಬಿಲ್ಲುಗಳಲ್ಲಿ 80–90 ಸಾವಿರ ಎಲ್ಲೋ ಸೋರಿದೆ.

ಇದಕ್ಕೆ ಪಂಚಾಂಗದಲ್ಲಿ ಕಾರಣ ಇರಲಿಲ್ಲ. ಸಣ್ಣ ಬಿಲ್ಲುಗಳನ್ನು ವಾರದ ದಿನದ ಪ್ರಕಾರ ಬೇರೆ ಮಾಡಿದೆ, ಏನೂ ಕಾಣಲಿಲ್ಲ. ಮಾಲಿನ ಪ್ರಕಾರ ಬೇರೆ ಮಾಡಿದೆ, ಎಲ್ಲದರಲ್ಲೂ ಚೂರು ಚೂರು ಕಡಿಮೆ. ಕೊನೆಗೆ ಬಿಲ್ ಹೊಡೆದ ಗಂಟೆಯ ಪ್ರಕಾರ ಜೋಡಿಸಿದೆ. 2024ರ ಆಗಸ್ಟ್ ಮಧ್ಯದಿಂದ ರಾತ್ರಿ 8ರ ಮೇಲೆ ಒಂದೂ ಬಿಲ್ ಇಲ್ಲ. ಅದಕ್ಕೆ ಮೊದಲು 8ರಿಂದ 9ರ ನಡುವೆ ದಿನಕ್ಕೆ ಸರಾಸರಿ ಮೂರು ಬಿಲ್ಲು, ತಲಾ 350 ರೂಪಾಯಿ ಆಸುಪಾಸು. ಟವೆಲ್, ಬನಿಯನ್, ಮಕ್ಕಳ ಚಡ್ಡಿ.

"ಶಟರ್ ಎಷ್ಟು ಹೊತ್ತಿಗೆ ಎಳೀತೀರಿ?" ಅಂದೆ.

"ಎಂಟಕ್ಕೆ. ಮೊದಲು ಒಂಬತ್ತು ಇತ್ತು. ರಾತ್ರಿ ಇರ್ತಿದ್ದ ಹುಡುಗ ವರಮಹಾಲಕ್ಷ್ಮಿ ಹಬ್ಬ ಮುಗಿಸ್ಕೊಂಡು ಬಿಟ್ಟ ನೋಡಿ, ಆಮೇಲೆ ನಾನೂ ಬೇಗ ಹಾಕ್ತಿದೀನಿ."

ದಿನಕ್ಕೆ ಸಾವಿರದ ಚಿಲ್ಲರೆ, ಮೂರು ತಿಂಗಳಿಗೆ 90 ಸಾವಿರದ ಹತ್ತಿರ. ಅಂಕಿ ಹೊಂದುತ್ತದೆ. ಆದರೂ ಇದೇ ಪೂರ್ತಿ ಕಾರಣ ಅಂತ ನಾನು ಬರೆದುಕೊಡಲಿಲ್ಲ. ಆ ಗಿರಾಕಿಗಳಲ್ಲಿ ಕೆಲವರು ಈಗ ಏಳು ಗಂಟೆಗೆ ಬರುತ್ತಿರಬಹುದು. ಖಚಿತ ಮಾಡಿಕೊಳ್ಳಲು ಒಂದೇ ದಾರಿ: ಒಂದು ತಿಂಗಳು ಒಂಬತ್ತರವರೆಗೆ ತೆರೆದು ಆ ಗಂಟೆಯ ಬಿಲ್ಲು ಮತ್ತು ಇಡೀ ದಿನದ ಬಿಲ್ಲು ಎರಡನ್ನೂ ಎಣಿಸುವುದು. ದಿನದ ಒಟ್ಟು ಏರಿದರೆ ಮಾತ್ರ ಅದು ಕಳೆದುಕೊಂಡ ವ್ಯಾಪಾರ. ಹೆಚ್ಚಿಗೆ ಬರುವ ಲಾಭ ಒಬ್ಬ ಹುಡುಗನ ಸಂಬಳಕ್ಕೆ ಸಾಲುತ್ತದಾ ಅನ್ನುವುದು ಅದರ ನಂತರದ ಲೆಕ್ಕ.

## ವರದಿಯನ್ನು ಮತ್ತೆ ಬರೆದ ರೀತಿ

ಬ್ಯಾಂಕಿಗೆ ಹೋದ ಹಾಳೆಯಲ್ಲಿ ಶೇ 15 ಅನ್ನುವ ಸಾಲು ತೆಗೆದೆವು. ಅದರ ಬದಲು ತೆರಿಗೆ ಬಿಟ್ಟ ಮಾರಾಟ, ಅದರೊಳಗೆ ಯುಗಾದಿಯ ಪಾಲು ಎಷ್ಟು, ಹೊಸ ಕೌಂಟರ್‌ನದ್ದು ಎಷ್ಟು, ಹಳೆ ಅಂಗಡಿಯದ್ದು ಎಷ್ಟು ಅಂತ ಬೇರೆ ಬೇರೆ ಸಾಲು. ಎರಡು ವರ್ಷದ ಬದಲು ಮೂರು ವರ್ಷದ ಕಾಲಂ. ಓಡಿ ಜಾಸ್ತಿ ಕೇಳುವ ವಿಚಾರವನ್ನು ಮಾಲೀಕರೇ ಬಿಟ್ಟರು. ಹಳೆ ಮಿತಿಯನ್ನೇ ಮುಂದುವರಿಸಿ, ರ್‍ಯಾಕಿನಲ್ಲಿ ಕೂತ ಮಾಲನ್ನು ಆಷಾಢದ ರಿಯಾಯಿತಿಯಲ್ಲಿ ತೆಗೆಯುವುದು ಅಂತಾಯಿತು. ಯೂನಿಫಾರ್ಮ್ ಶಾಲೆಗೆ ಹೋಗಿ ಬರುವುದು ಅವರ ಮನೆಯವರ ಪಾಲಿಗೆ ಬಂತು. ಹಳೆ ಉದ್ರಿಯ ಮಾತು ಎತ್ತದೆ ಮಾತಾಡಬಲ್ಲವರು ಆಕೆಯೇ ಅಂತ ಇಬ್ಬರೂ ಒಪ್ಪಿದರು.

ಬಿಲ್ಲುಗಳ ಹಾಳೆಗೆ ಒಂದು ಹೊಸ ಕಾಲಂ ಸೇರಿಸಿದ್ದೇವೆ. ಆ ದಿನ ಯಾವ ಹಬ್ಬದ ಖರೀದಿ ದಿನಗಳೊಳಗೆ ಬರುತ್ತದೆ, ಆಷಾಢವಾ, ಅಧಿಕ ಮಾಸವಾ, ಮೌಢ್ಯವಾ ಅಂತ. ವರ್ಷದ ಮೊದಲೇ ಪಂಚಾಂಗ ಇಟ್ಟುಕೊಂಡು ತುಂಬುವುದು, ಒಂದು ಸಂಜೆಯ ಕೆಲಸ. ಮುಂದಿನ ವರ್ಷಗಳಿಗೆ ಅದು ಈಗಲೇ ಬೇಕಾಗಿದೆ. 2025-26ರೊಳಗೆ ಯುಗಾದಿ ಒಂದೇ, ಮಾರ್ಚ್ 19ಕ್ಕೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಮದುವೆ ಕಾಲದ ನಟ್ಟನಡುವೆ. ಅದರ ನಂತರದ ಯುಗಾದಿ 2027ರ ಏಪ್ರಿಲ್ 7ಕ್ಕೆ ಹೋಗುತ್ತದೆ. ಅಂದರೆ 2026-27ರ ವರದಿಯಲ್ಲಿ ಮತ್ತೆ ಯುಗಾದಿ ಇರುವುದಿಲ್ಲ. ಮಾರ್ಚ್ ಕೊನೆಯ ನಾಲ್ಕಾರು ದಿನದ ವ್ಯಾಪಾರ ಮಾತ್ರ ಅದರೊಳಗೆ ಬೀಳುತ್ತದೆ. ಆ ವರ್ಷ ಒಟ್ಟು ಕಡಿಮೆಯಾದರೆ ಎಷ್ಟು ಕಡಿಮೆಯಾಗಬೇಕು ಅನ್ನುವುದನ್ನು ಮಾಲೀಕರು ಈಗಲೇ ಪೆನ್ಸಿಲ್‌ನಲ್ಲಿ ಬರೆದು ಗಲ್ಲಾದ ಒಳಗೆ ಇಟ್ಟಿದ್ದಾರೆ.